ಹೊಸಿಲಾಚೆಯ ಟಿ.ವಿ.

ಕಣಕಟ್ಟೆಯ ದೇವೀರಪ್ಪನವರ ಮನೆಯಲ್ಲಿ ಟಿ.ವಿ. ಇರುವುದು ಹಜಾರದಲ್ಲಲ್ಲ, ಹೊರಗೆ ಜಗಲಿಯ ಗೋಡೆಯ ಮೇಲೆ. ಊರಿಗೆ ಹೊಸದಾಗಿ ಬಂದವರು ಇದನ್ನು ಕಂಡು ಮುಸಿಮುಸಿ ನಗುತ್ತಾರೆ. ತೆಂಗಿನ ತೋಟದ ಯಜಮಾನ, ಅಟ್ಟದ ತುಂಬ ಕೊಬ್ಬರಿ, ಒಳಗೆ ಮದುವೆ ಮಾಡುವಷ್ಟು ಜಾಗ, ಇಷ್ಟಿದ್ದೂ ಟಿ.ವಿ.ಯನ್ನು ಬೀದಿಗೆ ಹಾಕಿದ್ದಾರಲ್ಲ ಎನ್ನುತ್ತಾರೆ. ನಗಲಿ ಬಿಡಿ. ನಗುವವರಿಗೆ ಚಿದಂಬರನ ವಿಷಯ ಗೊತ್ತಿಲ್ಲ.

ಚಿದಂಬರ ದೇವೀರಪ್ಪನವರ ಒಡಹುಟ್ಟಿದ ತಮ್ಮ. ಮನೆ ಎದುರುಬದುರು, ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ತೋಟ ಭಾಗವಾದ ದಿನ ಬೋರ್‌ವೆಲ್ ಪಕ್ಕದ ಎರಡು ಸಾಲು ಮರಕ್ಕೆ ಮಾತು ಬೆಳೆಯಿತು. ದೇವೀರಪ್ಪನವರ ನಾಲಿಗೆಗೆ ಮೊದಲಿಂದಲೂ ಮೂಗುದಾರವಿಲ್ಲ. ಪಂಚಾಯ್ತಿಗೆ ಕೂತಿದ್ದ ಹಿರಿಯರೆದುರೇ, "ನಾನು ದುಡಿದು ಹಾಕ್ದೆ, ನೀನು ತಿಂದು ತೇಗ್ದೆ" ಎಂದುಬಿಟ್ಟರು. ಚಿದಂಬರ ಎದ್ದು ನಿಂತ. ಕೊರಳ ಲಿಂಗ ಮುಟ್ಟಿಕೊಂಡು, "ಇನ್ನು ಈ ಮನೆ ಹೊಸಿಲು ತುಳಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದೋನಲ್ಲ" ಅಂದ. ಲಿಂಗ ಮುಟ್ಟಿ ಆಡಿದ ಮಾತನ್ನು ತಿರುಗಿಸುವ ಜಾತಿಯಲ್ಲ ಅವನದು. ಅವ್ವ ತೀರಿಹೋದಾಗಲೂ ಒಳಗೆ ಬರಲಿಲ್ಲ. ಓಣಿಯಲ್ಲಿ ನಿಂತೇ ಇದ್ದ. ಅವ್ವನನ್ನು ಜಗಲಿಗೆ ತಂದು ಕೂರಿಸಿದ ಮೇಲೆ ಮೆಟ್ಟಿಲು ಹತ್ತಿ ಕಾಲು ಹಿಡಿದು ಅತ್ತ.

ಅಂದರೆ ಜಗಲಿ ಆಣೆಯೊಳಗೆ ಬರುವುದಿಲ್ಲ. ಅದು ಹೊಸಿಲಿನಿಂದ ಈಚೆಗಿದೆ. ಇದನ್ನು ದೇವೀರಪ್ಪ ಆವತ್ತೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದರು.

ಒಂದು ಬೇಸಿಗೆ, ಕ್ರಿಕೆಟ್ ಫೈನಲ್ಲು. ಕಾಯಿ ಸುಲಿಯಲು ಬಂದ ಆಳುಗಳು ಗೋಗರೆದರೆಂದು ಟಿ.ವಿ.ಯನ್ನು ಜಗಲಿಗೆ ತಂದು ಸ್ಟೂಲಿನ ಮೇಲಿಟ್ಟರು. ಗುಂಪಿನ ಜೊತೆ ಚಿದಂಬರನೂ ಬಂದ, ಜಗಲಿಯ ಅಂಚಿಗೆ ಕುಂಡಿಯೂರಿ ಕೂತ. ಮಾರನೆಯ ದಿನ ದೇವೀರಪ್ಪನವರ ಹೆಂಡತಿ ಸುಮಿತ್ರಮ್ಮ ಟಿ.ವಿ.ಯನ್ನು ಒಳಗಿಡಲು ಹೋದರೆ ಗಂಡ ಬಿಡಲಿಲ್ಲ. ಗೋಡೆಗೆ ತೂತು ಹೊಡೆಸಿ ಅಲ್ಲೇ ಜಡಿಸಿದರು.

ಆಮೇಲೆ ದಿನಾ ತೋಟದ ಕೆಲಸ ಮುಗಿಸಿ ಚಿದಂಬರ ಬರುತ್ತಿದ್ದ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಇಬ್ಬರೂ ಟಿ.ವಿ. ಜೊತೆ ಮಾತಾಡುತ್ತಿದ್ದರು. "ಇವನು ಈಗ ಔಟಾಯ್ತಾನೆ" ಎಂದು ಅಣ್ಣ ಟಿ.ವಿ.ಗೆ ಹೇಳಿದರೆ, "ಎಲ್ಲಿ ಆಯ್ತಾನೆ, ಪಿಚ್ ನೋಡಿದ್ರೆ ಗೊತ್ತಾಗಕಿಲ್ವಾ" ಎಂದು ತಮ್ಮನೂ ಟಿ.ವಿ.ಗೇ ಹೇಳುತ್ತಿದ್ದ. ಸುಮಿತ್ರಮ್ಮ ಎರಡು ಲೋಟ ಕಾಫಿ ತಂದಿಟ್ಟು ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ದೇವೀರಪ್ಪನವರಿಗೆ ಅಷ್ಟು ಸಾಕಾಗಿತ್ತು. ಮುಂದೊಂದು ದಿನ ಚಿದಂಬರ ಮುಖ ಈ ಕಡೆ ತಿರುಗಿಸಿ ಅಣ್ಣಾ ಅಂದಾನು ಎಂಬ ಆಸೆ ಇತ್ತು, ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಜಗಲಿ ಪಡುವಣಕ್ಕಿದೆ. ಇಳಿಬಿಸಿಲು ಸೂರಿನಡಿಯಿಂದ ನುಗ್ಗಿ ನೇರ ಪರದೆಗೆ ಹೊಡೆಯುತ್ತಿತ್ತು. ಚಿತ್ರ ಕಾಣದೆ ಕೂತವರ ಮುಖವೇ ಅದರಲ್ಲಿ ಕಾಣುತ್ತಿತ್ತು. ಚಿದಂಬರ ಕುರ್ಚಿ ಎಳೆದೆಳೆದು ಗೋಡೆಯ ಹತ್ತಿರಕ್ಕೆ, ಅಂದರೆ ಅಣ್ಣನ ಮಗ್ಗುಲಿಗೇ ಬರುತ್ತಿದ್ದ. ಬಿರುಬೇಸಿಗೆಯಲ್ಲಿ ಪರದೆಯ ಮೇಲೆ ಕಪ್ಪು ಮಚ್ಚೆ ಹರಡುತ್ತಿತ್ತು, ಕತ್ತಲಾಗಿ ತಣ್ಣಗಾದರೆ ಮಾಯ. ಮಳೆಗಾಲದಲ್ಲಿ ಎರಚಲು. ಸುಮಿತ್ರಮ್ಮ ಪ್ಲಾಸ್ಟಿಕ್ ಹಾಳೆಯಿಂದ ಒಂದು ಚೀಲ ಹೊಲಿದು, ಆಫ್ ಮಾಡಿದ ಕೂಡಲೆ ಬಿಸಿ ಆರುವ ಮೊದಲೇ ಟಿ.ವಿ.ಗೆ ತೊಡಿಸಿ ಬಾಯಿಗೆ ದಾರ ಬಿಗಿದು ಕಟ್ಟುತ್ತಿದ್ದರು. ಕೂಸನ್ನೂ ಅಷ್ಟು ಜೋಪಾನ ಮಾಡುವವರಿಲ್ಲ.

ಆ ಜೋಪಾನವೇ ಮುಳುವಾಯಿತು. ಶ್ರಾವಣದ ಒಂದು ಸಂಜೆ ಚೀಲ ತೆಗೆದಾಗ ಒಳಮೈಯೆಲ್ಲ ನೀರಹನಿ. ಒರೆಸಿ ಸ್ವಿಚ್ ಒತ್ತಿದರು. ಟಪ್ ಎಂದಿತು, ಸುಟ್ಟ ವಾಸನೆ ಬಂತು, ಅಷ್ಟೆ.

ಅರಸೀಕೆರೆಯ ಅಂಗಡಿಯ ಇಂದ್ರೇಶ್ ಬಂದು ಬಿಚ್ಚಿ ನೋಡಿದ. "ಬೋರ್ಡ್ ಹೋಗೈತೆ ಯಜಮಾನ್ರೇ. ಇದು ಮನೆ ಒಳಗಿಡೋ ಟಿ.ವಿ. ಬೆನ್ನಲ್ಲಿ ಗಾಳಿ ಆಡಾಕೆ ತೂತು ಇರ್ತವೆ, ಅದ್ರಾಗೇ ತೇವ ಹೋಗ್ತದೆ, ಹಲ್ಲಿನೂ ಹೋಗ್ತದೆ. ಮೇಲೆ ನೀವು ಪ್ಲಾಸ್ಟಿಕ್ ಕಟ್ಟಿ ಬಿಸೀನೂ ತೇವಾನೂ ಒಳಗೇ ಕೂಡಿ ಹಾಕಿದ್ದೀರಿ."

"ಹಂಗಾರೆ ಹೊರಗೆ ಇಡಾಂಗೇ ಇಲ್ವೇನಪ್ಪ?"

"ನೆರಳಿರೋ, ಎರಚಲು ಬಡಿಯದ ಜಗಲಿ ಆಗಿದ್ರೆ ಮಾಮೂಲಿದೇ ಹೆಂಗೋ ನಡೀತಿತ್ತು. ನಿಮ್ದು ಬಿಸಿಲೂ ಬೀಳ್ತದೆ, ಮಳೇನೂ ಬೀಳ್ತದೆ. ಇದಕ್ಕೆ ಅಂತ್ಲೇ ಬೇರೆ ಮಾಡೆಲ್ ಬತ್ತವೆ. ಮೈಯೆಲ್ಲ ಸಂದಿಲ್ಲದಂಗೆ ಮುಚ್ಚಿರ್ತಾರೆ, ನೀರು ಎರಚಿದ್ರೂ ಧೂಳು ಕೂತ್ರೂ ಒಳೀಕೆ ಹೋಗಾಕಿಲ್ಲ. ಬೆಳಕೂ ಜಾಸ್ತಿ. ಆದ್ರೆ ಬೆಂಗಳೂರಿಂದ ತರಿಸ್ಬೇಕು, ರೇಟು ಕೇಳಿದ್ರೆ ನನ್ನನ್ನ ಬೈತೀರಿ. ಸುಮ್ನೆ ಒಳಗಿಟ್ಕಳಿ."

ಒಳಗಿಡುವುದಾದರೆ ಟಿ.ವಿ.ಯೇ ಬೇಡ ಎಂದು ದೇವೀರಪ್ಪ ಬಾಯಿ ಬಿಟ್ಟು ಹೇಳಲಿಲ್ಲ. "ತರಿಸು" ಅಂದರು. ಅದರಲ್ಲೂ ನೆರಳಿಗೆ ಬೇರೆ, ನೇರ ಬಿಸಿಲಿಗೆ ಬೇರೆ ಇದೆಯೆಂದು ಇಂದ್ರೇಶ್ ಹೇಳಿದಾಗ, "ಬಿಸಿಲಿಂದೇ ತರಿಸು, ದೊಡ್ಡದು ತರಿಸು. ನೋಡೋರ ಕಣ್ಣು ಮಂಜಾಗವೆ" ಎಂದರು. ಮಂಜಾಗಿದ್ದು ಚಿದಂಬರನ ಕಣ್ಣು.

ಟಿ.ವಿ. ಕೆಟ್ಟ ಮಾರನೆಯ ದಿನವೂ ಚಿದಂಬರ ಬಂದಿದ್ದ. ಬರೀ ಗೋಡೆ. ಅಣ್ಣತಮ್ಮ ಇಬ್ಬರೇ. ಮಾತಾಡಿದರೆ ಒಬ್ಬರಿಗೊಬ್ಬರು ಮಾತಾಡಬೇಕು, ಬೇರೆ ದಾರಿಯೇ ಇಲ್ಲ. ದೇವೀರಪ್ಪನವರ ಗಂಟಲವರೆಗೆ ಬಂದಿತ್ತು. ಅವತ್ತು ಅಂದದ್ದು ತಪ್ಪಾಯಿತು ಕಣೋ, ಇಷ್ಟೇ ಮಾತು. ಹಾಳು ನಾಲಿಗೆ, ಬೇಡದಾಗ ಕುಣಿದದ್ದು ಬೇಕಾದಾಗ ಏಳಲಿಲ್ಲ. ಚಿದಂಬರ ಪಂಚೆ ಕೊಡವಿಕೊಂಡು ಎದ್ದು ಹೋದ. ಆಮೇಲೆ ಬರಲಿಲ್ಲ.

ಹೊಸ ಟಿ.ವಿ. ಬರುವ ಹೊತ್ತಿಗೆ ದೀಪಾವಳಿ ಹತ್ತಿರವಾಗಿತ್ತು. ಇಂದ್ರೇಶ್ ಇಬ್ಬರು ಆಳು ಕಟ್ಟಿಕೊಂಡು ಬಂದು ಗೋಡೆಗೆ ಜಡಿದ. ಕೇಬಲ್ಲಿನ ಡಬ್ಬ ನೆನೆಯಬಾರದೆಂದು ಕಿಟಕಿಯ ಒಳಗಿಟ್ಟ. ಇಳಿಬಿಸಿಲು ಎದುರಿಗೇ ಹೊಡೆಯುತ್ತಿದ್ದರೂ ಚಿತ್ರ ನಿಚ್ಚಳ, ಮೈದಾನದ ಹುಲ್ಲು ಹಸಿರು ಹಸಿರಾಗಿ ಕಂಡಿತು. "ಇನ್ನು ಹೆದರ್ಬೇಡಿ, ಬಿಸಿಲು ಮಳೆಗೆಲ್ಲ ಜಗ್ಗಾಕಿಲ್ಲ ಇದು. ಬಾಳಾ ವರ್ಷ ಬರ್ತದೆ" ಎಂದು ಹೇಳಿ ಹೋದ.

ದೇವೀರಪ್ಪ ಮಗ್ಗುಲಿಗೆ ಇನ್ನೊಂದು ಕುರ್ಚಿ ಹಾಕಿದರು. ಓಣಿಗೆ ಕೇಳಲೆಂದು ಸೌಂಡ್ ಏರಿಸಿ ಕಾದರು. ಮ್ಯಾಚು ಅರ್ಧವಾದರೂ ಮೆಟ್ಟಿಲ ಮೇಲೆ ಸದ್ದಿಲ್ಲ. ಆಗ ಆಟಗಾರನೊಬ್ಬ ಕ್ಯಾಚ್ ಕೈಬಿಟ್ಟ. "ಥೂ ನಿನ್ನ, ಕೈಗೇನು ಎಣ್ಣೆ ಹಚ್ಕಂಡಿದ್ಯೇನ್ಲಾ!" ಎಂದು ಚಿದಂಬರನ ಗಂಟಲು ಕೇಳಿತು. ದೇವೀರಪ್ಪ ಗಕ್ಕನೆ ತಿರುಗಿದರು.

ಓಣಿಯಾಚೆ, ತನ್ನ ಮನೆಯ ಜಗಲಿಯಲ್ಲಿ, ಕಂಬಕ್ಕೆ ಒರಗಿ ಚಿದಂಬರ ಕೂತಿದ್ದ. ಅಲ್ಲಿಗೇ ಎಲ್ಲ ಕಾಣುತ್ತಿತ್ತು. ಸ್ಕೋರು ಕೂಡ. ಇನ್ನು ಅವನು ಓಣಿ ದಾಟಬೇಕಾದ ಕಾರಣವೇ ಇರಲಿಲ್ಲ.

ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ಕೊನೆಗೆ ಸುಮಿತ್ರಮ್ಮ ತಡೆಯಲಾರದೆ, "ಆಫ್ ಮಾಡ್ರಿ ಅದನ್ನ. ಆಗ್ಲಾದ್ರೂ ಬತ್ತಾರೇನೋ" ಎಂದರು.

"ಬರಾಕಿಲ್ಲ ಕಣೇ. ಆಫ್ ಮಾಡಿದ್ರೆ ಎದ್ದು ಒಳೀಕೆ ಹೋಗ್ತಾನೆ. ಆಮೇಲೆ ಅವನ ದನೀನೂ ಇರಾಕಿಲ್ಲ."

ಎದುರು ಜಗಲಿಯಲ್ಲಿ ಚಿದಂಬರ ಕುತ್ತಿಗೆ ಅತ್ತಿತ್ತ ವಾಲಿಸಿ ಇಣುಕುತ್ತಿದ್ದ. ದೇವೀರಪ್ಪನವರ ತಲೆ ಅಡ್ಡ ಬರುತ್ತಿತ್ತು. ಅವರು ಎದ್ದು, ತಮ್ಮ ಕುರ್ಚಿಯನ್ನು ಗೋಡೆಯ ಮೂಲೆಗೆ ಎಳೆದುಕೊಂಡು, ತಮಗೆ ಚಿತ್ರ ಕಾಣದ ಕಡೆ ಕೂತರು.