ಮುಖ್ಯ ಪದಗಳ ವಾಸಿಫ್

ಶಿರಾದಲ್ಲಿ ಹಿಟ್ಟಿನ ಗಿರಣಿಯೊಂದರ ಮಹಡಿಯ ಮೇಲೆ ವಾಸಿಫನ ಆಫೀಸು. ಕೆಳಗೆ ರಾಗಿ ಬೀಸಲು ಶುರುವಾದರೆ ಮೇಲೆ ಕಂಪ್ಯೂಟರು ನಡುಗುತ್ತದೆ. ಕೀಬೋರ್ಡಿನ ಮೇಲೆ ಕೂರುವ ಹಿಟ್ಟನ್ನು ದಿನಾ ಕುಂಚದಿಂದ ಗುಡಿಸಬೇಕು. 'ಬಯಲುನಾಡು ಮೇವು ವೇದಿಕೆ' ಎಂಬ ಈ ಸಂಸ್ಥೆಯಲ್ಲಿ ಅವನ ಹುದ್ದೆ ದಾಖಲಾತಿ ಸಹಾಯಕ. ಕನ್ನಡ ಎಂ.ಎ. ಮಾಡಿ, ಕವಿಯಾಗುವ ಉತ್ಸಾಹದಲ್ಲಿ ಒಂದಿಷ್ಟು ದಿನ ಗಡ್ಡ ಬಿಟ್ಟು, ಪದ್ಯ ಯಾರೂ ಕೇಳದೆ ಗಡ್ಡವನ್ನು ಮಾತ್ರ ಎಲ್ಲರೂ ಕೇಳಿದ ಮೇಲೆ ಅವನು ಈ ಕೆಲಸಕ್ಕೆ ಸೇರಿದ್ದ. ತಾಯಿ ಚಾಂದ್ ಬಿ ಮಾತ್ರ ನೆಂಟರ ಮುಂದೆ, "ಹಮಾರಾ ವಾಸಿಫ್ ಸರ್ಕಾರಕ್ಕೇ ಕಾನೂನು ಬರ್ಕೊಡ್ತಾನೆ" ಎನ್ನುತ್ತಿದ್ದಳು. ವಾಸಿಫ್ ತಿದ್ದುತ್ತಿರಲಿಲ್ಲ. ಆಫೀಸಿನಲ್ಲಿ ದಿನವಿಡೀ ತಿದ್ದುವವನು ಮನೆಯಲ್ಲೂ ಯಾಕೆ ತಿದ್ದಬೇಕು?

ಆ ಬೇಸಿಗೆಯಲ್ಲಿ ವೇದಿಕೆ ಒಂದು ನೀತಿ ಪ್ರಸ್ತಾವ ತಯಾರಿಸಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನೀರು ಇಳಿದ ಕೆರೆಯಂಗಳದಲ್ಲಿ ಕುರಿ ಮೇಯಿಸಲು ಪಂಚಾಯ್ತಿಗಳು ಗುರುತುಚೀಟಿ ಕೊಡಬೇಕು. ಚೀಟಿ ಇದ್ದವರನ್ನು ಯಾರೂ ಓಡಿಸುವಂತಿಲ್ಲ ಎನ್ನುವುದು ಅದರ ಸಾರ. ಬರೆದವರು ವೇದಿಕೆಯ ಅಧ್ಯಕ್ಷ ವೃಷಭೇಂದ್ರಪ್ಪ, ನಿವೃತ್ತ ಕನ್ನಡ ಉಪನ್ಯಾಸಕರು. ಕಾಲೇಜಿನಲ್ಲಿ ವಾಸಿಫನಿಗೆ ಪಾಠ ಹೇಳಿದವರು. ಒಂದೇ ಪದವನ್ನು ಒಂದು ಪುಟದಲ್ಲಿ ಎರಡು ಸಲ ಬಳಸುವುದು ಬಡತನದ ಲಕ್ಷಣ ಎಂಬುದು ಅವರ ನಂಬಿಕೆ. ಹಾಗಾಗಿ ಮೊದಲ ಅಧ್ಯಾಯದಲ್ಲಿ 'ಕುರಿಗಾಹಿ' ಆದವನು ಮೂರನೆಯದರಲ್ಲಿ 'ಪಶುಪಾಲಕ'ನಾಗಿದ್ದ, ನಾಲ್ಕರಲ್ಲಿ 'ಮಂದೆಗಾರ'ನಾಗಿದ್ದ, ಐದನೆಯದರಲ್ಲಿ ಬಡ್ತಿ ಸಿಕ್ಕಿ 'ಸಾಕಣೆದಾರ'ನಾಗಿದ್ದ.

ಪ್ರಸ್ತಾವವನ್ನು ಓದಿ ಅಭಿಪ್ರಾಯ ಹೇಳಲು ತುಮಕೂರಿನ ತಜ್ಞರೊಬ್ಬರಿಗೆ ಕಳಿಸಿದ್ದರು. ಅವರು ಅಂಚಿನಲ್ಲಿ ಒಂದೇ ಸಾಲು ಬರೆದು ವಾಪಸು ಕಳಿಸಿದರು: "ಈ ನಾಲ್ವರೂ ಒಬ್ಬರೇನಾ?"

ವೃಷಭೇಂದ್ರಪ್ಪನವರಿಗೆ ನೋವಾಯಿತು. "ಅರಸಿಕರು ಕಣಯ್ಯಾ," ಎಂದರು. "ಹೋಗಲಿ, ಮೊದಲ ಪುಟದಲ್ಲಿ 'ಮುಖ್ಯ ಪದಗಳು' ಅಂತ ಇದೆಯಲ್ಲ, ಅಲ್ಲಿ ಕುರಿಗಾಹಿಯ ಅರ್ಥ ಕೊಟ್ಟಿದೀನಿ. ಕೊನೇವರೆಗೂ ಅದನ್ನೇ ಇಟ್ಟುಬಿಡು. ಮಧುಗಿರೀಲಿ ನಮ್ಮ ಸಮಿತಿ ಸಭೆ ಇದೆ, ಅದಕ್ಕೆ ಮುಂಚೆ ಆಗಬೇಕು. ಇದು ಮುಗಿಸಿಕೊಟ್ಟರೆ ನಿನ್ನ ಕೆಲಸ ಖಾಯಂ ಮಾಡೋ ವಿಷಯಾನೂ ಅಲ್ಲೇ ಎತ್ತುತೀನಿ."

ಖಾಯಂ ಎಂಬ ಪದ ಕಿವಿಗೆ ಬಿದ್ದ ಮೇಲೆ ವಾಸಿಫನ ತಲೆ ಓಡುವುದಿಲ್ಲ, ಬೆರಳು ಮಾತ್ರ ಓಡುತ್ತದೆ. ಕಂಪ್ಯೂಟರಿಗೆ, ಪಶುಪಾಲಕ, ಮಂದೆಗಾರ, ಸಾಕಣೆದಾರ ಕಂಡಲ್ಲೆಲ್ಲ ಕುರಿಗಾಹಿ ಹಾಕು ಎಂದು ಒಂದೇ ಏಟಿಗೆ ಅಪ್ಪಣೆ ಕೊಟ್ಟ. ಅದು ಹಾಕಿತು. ಮಂದೆಗಾರರಿಗೆ ಎಂದಿದ್ದದ್ದು 'ಕುರಿಗಾಹಿರಿಗೆ' ಆಯಿತು. ಮಂದೆಗಾರನನ್ನು ಎಂದಿದ್ದದ್ದು 'ಕುರಿಗಾಹಿನನ್ನು' ಆಯಿತು. ಕೊರಟಗೆರೆ ಕಡೆಯ ಒಂದು 'ಪಶುಪಾಲಕರ ಸಂಘ'ಕ್ಕೆ ಸಂಘದವರಿಗೇ ಗೊತ್ತಿಲ್ಲದಂತೆ ಹೊಸ ನಾಮಕರಣವಾಯಿತು. ಊರೂರು ತಿರುಗಿ ಬರೆದುಕೊಂಡು ಬಂದಿದ್ದ ಜನರ ಮಾತುಗಳಲ್ಲೂ ಪದ ಬದಲಾಗಿ, ಪಾವಗಡದ ಮುದುಕಿಯೊಬ್ಬಳು ತಾನೆಂದೂ ಆಡದ ಗ್ರಂಥಸ್ಥ ಕನ್ನಡವನ್ನು ಉದ್ಧರಣ ಚಿಹ್ನೆಗಳ ನಡುವೆ ಆಡತೊಡಗಿದಳು.

ಎಲ್ಲವನ್ನೂ ರದ್ದು ಮಾಡಿ, ಅವನು ಒಂದೊಂದೇ ಪದ ನೋಡಿ ತಿದ್ದಲು ಕೂತ. ಜನರು ಆಡಿದ ಮಾತು, ಸಂಘ ಸಂಸ್ಥೆಗಳ ಹೆಸರು, ಕಾಯಿದೆಗಳಿಂದ ಎತ್ತಿದ ಸಾಲು, ಇವನ್ನು ಮುಟ್ಟಲಿಲ್ಲ. ಕೋಷ್ಟಕದ ತಲೆಬರಹ, ಅಡಿಟಿಪ್ಪಣಿ, ಚಿತ್ರದ ಕೆಳಗಿನ ಸಾಲುಗಳನ್ನು ಬಿಡಲಿಲ್ಲ. ಅರ್ಥ ಕೊಟ್ಟಿದ್ದರೂ ಒಳಗೆಲ್ಲೂ ಬಾರದ 'ಗೋಮಂಡಲ'ವನ್ನು ಮುಖ್ಯ ಪದಗಳಿಂದ ಕಿತ್ತ. ಕಡೆಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬನೇ ಕುರಿಗಾಹಿ ಉಳಿದ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಕೈ ಎಟುಕುವುದಿಲ್ಲ ಎಂಬುದೊಂದೇ ವಾಸಿಫನ ಕೊರಗು.

ಉಳಿದದ್ದು ಒಂದು ಕೆಲಸ. ಪ್ರಸ್ತಾವದಲ್ಲಿದ್ದ, ಮದಲೂರಿನಲ್ಲಿ ಕುರಿ ಮೇಯಿಸುವ ಅಂಜನಪ್ಪನ ಮಾತನ್ನು ಹೆಸರು ಸಮೇತ ಅಚ್ಚು ಹಾಕಲು ಅವನ ಒಪ್ಪಿಗೆ ಕೇಳಬೇಕಿತ್ತು. ವಾಸಿಫ್ ಪ್ರತಿ ಹಿಡಿದು ಬಸ್ಸು ಹತ್ತಿದ.

ಅಂಜನಪ್ಪ ಕೆರೆಯಂಗಳದಲ್ಲಿ ಜಾಲಿಮರದ ನೆರಳಿಗೆ ನಿಂತಿದ್ದ. ತನ್ನ ಮಾತು ಕೇಳಿ ತಲೆಯಾಡಿಸಿದ. "ಸರಿ ಐತೆ. ಮೊದ್ಲಿಂದ ಏನ್ ಬರ್ದಿದೀಯಾ, ಅದ್ನೂ ಓದು. ಕುರಿ ಮೇಯ್ತಾವೆ, ನಾನು ಕೇಳ್ತೀನಿ."

ವಾಸಿಫ್ ಗಂಟಲು ಸರಿಮಾಡಿಕೊಂಡು ಓದಿದ: "ಕುರಿಗಾಹಿ ಎಂದರೆ ಸ್ವಂತ ಕುರಿ ಮೇಕೆಗಳನ್ನು ಹೊಂದಿದ್ದು ಅವುಗಳಿಂದ ಜೀವನ ನಡೆಸುವ ವ್ಯಕ್ತಿ."

"ಸ್ವಂತ ಕುರೀನಾ?" ಅಂಜನಪ್ಪ ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. "ಅಂಗಾದ್ರೆ ನಂಗೆ ಚೀಟಿ ಇಲ್ಲ ಅನ್ನು. ಇವೆಲ್ಲ ಸಿದ್ದಗಂಗಯ್ಯನೋರವು ಕಣಪ್ಪಾ. ನಾನು ಪಾಲಿಗೆ ಮೇಯಿಸೋನು. ಮರಿ ಉಟ್ಟುದ್ರೆ ಅವ್ರಿಗರ್ಧ, ನಂಗರ್ಧ. ನಂದು ಅಂತಿರೋದು ಈ ಕಂಬಳಿ, ಅಗೋ ಆ ನಾಯಿ."

"ಅಂದ್ರೆ ಚೀಟಿ..."

"ಸಿದ್ದಗಂಗಯ್ಯನೋರಿಗೆ. ಅವ್ರು ಈ ಕೆರೆ ಒಳಕ್ಕೆ ಇಳ್ದು ಯಾವ ಕಾಲ ಆಯ್ತೋ. ನಾಳೆ ಯಾರಾನ ಬಂದು ಚೀಟಿ ತೋರ್ಸು ಅಂದ್ರೆ, ನಾಯಿ ತೋರ್ಸ್ಲಾ?"

ವಾಸಿಫನಿಗೆ ಬಿಸಿಲು ಆಗ ತಾಗಿತು. ಅಧ್ಯಕ್ಷರ ಸೊಬಗಿನ ಪದಗಳ ಗೊಂದಲದಲ್ಲಿ ಅಂಜನಪ್ಪನಂಥವರು ಎಲ್ಲೋ ಒಂದು ಕಡೆ ನುಸುಳಿಕೊಳ್ಳಲು ಜಾಗವಿತ್ತು. ಆ ಜಾಗವನ್ನೆಲ್ಲ ಒಂದೊಂದಾಗಿ ಮುಚ್ಚಿ ಬಂದವನು ತಾನೇ. ತಪ್ಪು ಅರ್ಥವನ್ನು ಅಚ್ಚುಕಟ್ಟಾಗಿ ಎಲ್ಲ ಕಡೆ ಹರಡಿದ್ದ. ಕೊಳೆತ ಒಂದು ಟೊಮ್ಯಾಟೊವನ್ನು ಇಡೀ ಸಾರಿಗೆ ಸಮನಾಗಿ ಕಿವುಚಿದ ಹಾಗೆ.

ಮರುದಿನ ಆಫೀಸಿನಲ್ಲಿ ಅಧ್ಯಕ್ಷರ ಮುಂದೆ ನಿಂತ. ಅರ್ಥವನ್ನು ತಾನೇ ಬದಲಾಯಿಸಿಬಿಡಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಆದರೆ ಅದು ಭಾಷೆ ತಿದ್ದಿದ ಹಾಗಲ್ಲ, ಚೀಟಿ ಯಾರಿಗೆ ಎಂಬುದನ್ನೇ ತಿದ್ದಿದ ಹಾಗೆ. ಅದನ್ನು ಸಮಿತಿಯೇ ಹೇಳಬೇಕು.

"ಸರ್, ಎರಡು ಪದ ಬೇಕು," ಎಂದ. "ಕುರಿ ಯಾರದೇ ಆಗಿರಲಿ, ಮಂದೆಯ ಹಿಂದೆ ಹೋಗಿ ಮೇಯಿಸೋನು ಕುರಿಗಾಹಿ. ಕುರಿಯ ಒಡೆತನ ಇರೋನು ಕುರಿ ಮಾಲೀಕ. ಇಬ್ಬರೂ ಒಬ್ಬನೇ ಆಗಿರಬಹುದು, ಆಗದೆಯೂ ಇರಬಹುದು."

ವೃಷಭೇಂದ್ರಪ್ಪ ಕನ್ನಡಕ ತೆಗೆದರು. "ಸಿದ್ದಗಂಗಯ್ಯ ನಮ್ಮ ಸಮಿತೀಲಿದಾನಯ್ಯಾ. ನಿನ್ನ ಖಾಯಂ ವಿಷಯಕ್ಕೂ ಕೈ ಎತ್ತಬೇಕಾದವನು ಅವನೇ. ಈ ಸಲಕ್ಕೆ ಬಿಟ್ಟುಬಿಡಬಾರದಾ?"

ವಾಸಿಫ್ ಬಿಟ್ಟುಬಿಡಲು ಸಿದ್ಧನೇ ಇದ್ದ. ಅವನೇನು ಶೂರನಲ್ಲ, ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಹಿಂದೆ ಮುಂದೆ ನೋಡುವವನು. ಆದರೆ ಪ್ರತಿಯ ಮೊದಲ ಪುಟದಲ್ಲಿ 'ಸಂಪಾದನೆ: ವಾಸಿಫ್' ಎಂದು ಅವನೇ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದ. ಆ ದುರಾಸೆ ಈಗ ಕಾಲಿಗೆ ತೊಡರಿತು. "ಸಭೆಯ ವಿಷಯಪಟ್ಟಿಗೆ ಸೇರಿಸಿಬಿಟ್ಟಿದೀನಿ ಸರ್," ಎಂದು ಸುಳ್ಳು ಹೇಳಿ, ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಸೇರಿಸಿದ.

ಮಧುಗಿರಿಯ ಸಭೆಯಲ್ಲಿ ಬೋಂಡಾ ಬಂದ ಮೇಲೆ ಆ ವಿಷಯ ಬಂತು. ಸಿದ್ದಗಂಗಯ್ಯ ಬಿಳಿ ಪಂಚೆ, ಬಿಳಿ ಮೀಸೆಯ ಯಜಮಾನರು. ಎರಡು ಪದಗಳ ಅರ್ಥ ಕೇಳುತ್ತಲೇ ಬೋಂಡಾ ಕೆಳಗಿಟ್ಟರು.

"ಲೇ ಹುಡುಗ, ಕುರಿ ನಂದು, ಚೀಟಿ ಅವನ್ದಾ? ಅದೆಂಗ್ಲಾ? ಕುರಿ ಇರೋನೇ ಕುರಿಗಾಹಿ. ಇರೋ ಅರ್ಥಾನೇ ಇರ್ಲಿ."

ವಾಸಿಫ್ ಪ್ರತಿ ಎತ್ತಿಕೊಂಡ. ಪುಟ ತಿರುಗಿಸಿದ. "ಆಗಲಿ ಯಜಮಾನ್ರೇ. ಇರೋ ಅರ್ಥ ಇಟ್ಟುಕೊಂಡೇ ನಾಲ್ಕನೇ ಅಧ್ಯಾಯ ಓದ್ತೀನಿ. 'ಕುರಿಗಾಹಿಯು ಬೆಳಗಿನಿಂದ ಸಂಜೆವರೆಗೆ ಮಂದೆಯ ಜೊತೆಯಲ್ಲೇ ಇರತಕ್ಕದ್ದು. ಮಂದೆ ಬೆಳೆಗೆ ನುಗ್ಗಿದರೆ ನಷ್ಟವನ್ನು ಕುರಿಗಾಹಿಯೇ ತುಂಬತಕ್ಕದ್ದು.'"

ಸಿದ್ದಗಂಗಯ್ಯ ಸುತ್ತ ನೋಡಿದರು. "ಅದು ಕಾಯೋನಿಗೆ ಹೇಳಿದ್ದಲ್ವಾ?"

"ಮುಂಚೆ ಅಲ್ಲಿ 'ಮಂದೆಗಾರ' ಅಂತಿತ್ತು. ಈಗ ಕುರಿಗಾಹಿ ಒಬ್ಬನೇ. ಚೀಟಿ ತಗೊಳ್ಳೋನೂ ಅವನೇ, ಬಿಸಿಲಲ್ಲಿ ನಿಲ್ಲೋನೂ ಅವನೇ, ದಂಡ ಕಟ್ಟೋನೂ ಅವನೇ."

"ಅಲ್ಲಿ ಮಾತ್ರ ಬೇರೆ ಪದ ಹಾಕ್ಬುಡು."

"ಬೇರೆ ಪದ ಹಾಕಿದ್ರೆ ಅದಕ್ಕೂ ಅರ್ಥ ಬರೀಬೇಕು. 'ಮಂದೆಗಾರ ಎಂದರೆ ಚೀಟಿ ಸಿಗದೆ ದಂಡ ಮಾತ್ರ ಕಟ್ಟುವವನು' ಅಂತ ಬರೀಲಾ?"

ಪಾವಗಡದಿಂದ ಬಂದಿದ್ದ ಕದರಪ್ಪನಿಗೆ ನಗು ತಡೆಯಲಾಗಲಿಲ್ಲ. "ರಾ ಸಾಮಿ, ಸಿದ್ದಗಂಗಯ್ಯನೋರೇ, ನಾಳೆ ಒಂದು ಕಂಬಳಿ ಕೊಡ್ಸ್ತೀವಿ. ಕೋಲು ಕೂಡಾ ಇಸ್ತಾಮು," ಎಂದು ತೆಲುಗು ಬೆರೆಸಿ, ಕೋಲನ್ನೂ ಕೊಡುವ ಮಾತಾಡಿದ. ಸಭೆಯೆಲ್ಲ ನಕ್ಕಿತು.

ಸಿದ್ದಗಂಗಯ್ಯ ಮಾತ್ರ ನಗಲಿಲ್ಲ. ತಟ್ಟೆಯಲ್ಲಿ ಆರುತ್ತಿದ್ದ ಬೋಂಡಾವನ್ನೂ ಕಿಟಕಿಯಾಚೆಯ ಬಿಸಿಲನ್ನೂ ಒಮ್ಮೆ ನೋಡಿದರು. ಒಂದು ಕಡೆ ಚೀಟಿ, ಇನ್ನೊಂದು ಕಡೆ ಮೂರು ಊರಿನ ಮೆಕ್ಕೆಜೋಳದ ನಷ್ಟ. "ಏನಾದ್ರೂ ಬರ್ಕಳಿ," ಎಂದರು. "ಕುರಿ ಸತ್ರೆ ಬರೋ ಪರಿಹಾರ ಮಾತ್ರ ಮಾಲೀಕನಿಗೇ ಇರ್ಲಿ."

"ಪಾಲು ಇದ್ದಲ್ಲಿ ಪಾಲಿನಷ್ಟು ಕುರಿಗಾಹಿಗೂ," ಎಂದ ಕದರಪ್ಪ. ಸಿದ್ದಗಂಗಯ್ಯ ಗೊಣಗಿದರು, ಸಭೆ ಹಾಗೇ ಬರೆಸಿತು.

ಎರಡೂ ಅರ್ಥ ಪಾಸಾದವು. ವೃಷಭೇಂದ್ರಪ್ಪನವರು, "ಕುರಿಗಾಹಿ, ಮಾಲೀಕ, ಎರಡಾದರೂ ಪದ ಉಳಿದವಲ್ಲ, ಅಷ್ಟು ಸಾಕು," ಎಂದು ಸಮಾಧಾನಪಟ್ಟುಕೊಂಡರು. ಖಾಯಂ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತಬಹುದೇ ಎಂದು ವಾಸಿಫ್ ಅವರ ಮುಖ ನೋಡಿದ. ಅವರು ಚಟ್ನಿ ನೋಡಿದರು.

ಮತ್ತೆ ಇಡೀ ಪ್ರಸ್ತಾವವನ್ನು ಮೊದಲಿನಿಂದ ತೆರೆಯಬೇಕಾಯಿತು. ಕುರಿಗಾಹಿ ಎಂದಿರುವ ಕಡೆಯಲ್ಲೆಲ್ಲ ನಿಂತು, ಇಲ್ಲಿರುವವನು ಮೇಯಿಸುವವನೋ ಹೊಂದಿರುವವನೋ ಎಂದು ಕೇಳಬೇಕು. ಲಸಿಕೆಯ ದಿನ ಮಂದೆಯನ್ನು ಹೊಡೆದುಕೊಂಡು ಬರುವವನು ಕುರಿಗಾಹಿ. ವಿಮೆಗೆ ಸಹಿ ಹಾಕುವವನು ಮಾಲೀಕ. ಕಂಪ್ಯೂಟರಿಗೆ ಈ ಸಲ ಅಪ್ಪಣೆ ಕೊಡುವಂತಿರಲಿಲ್ಲ. ಅದಕ್ಕೆ ಇಬ್ಬರ ಮುಖವೂ ಗೊತ್ತಿಲ್ಲ.

ತಿದ್ದಿ ಮುಗಿದ ಮೇಲೆ ಮದಲೂರಿಗೆ ಹೋದ. ಇದಿನ್ನೂ ಬರೀ ಪ್ರಸ್ತಾವ, ಮೇಲಿನವರು ಒಪ್ಪಬೇಕು ಎಂದು ಮೊದಲೇ ಹೇಳಿದ. ಸಭೆಯ ಕತೆಯನ್ನೂ ಹೇಳಿ, "ಸಿದ್ದಗಂಗಯ್ಯನೋರು ಸಿಟ್ಟಲ್ಲಿ ಕುರಿ ವಾಪಸ್ ತಗೊಂಡ್ರೆ?" ಎಂದು ಕೇಳಿದ.

"ತಗಂಡು? ಅವ್ರ ಮಗ ಬತ್ತಾನಾ ಕಾಯಾಕೆ? ಅವನು ಬಿಸ್ಲಿಗೆ ಕಾರಿಂದ ಇಳಿಯಾಕಿಲ್ಲ." ಅಂಜನಪ್ಪ ಪಕ್ಕದ ಕಲ್ಲು ತೋರಿಸಿದ. "ಕುಂತ್ಕೊ. ಅದೇನೋ ನನ್ನ ಬರ್ದಿದೀಯಲ್ಲ, ಅದನ್ನ ಓದು."

ವಾಸಿಫ್ ಓದಿದ: "ಕುರಿಗಾಹಿ ಎಂದರೆ, ಕುರಿಗಳ ಒಡೆತನ ಯಾರದೇ ಆಗಿದ್ದರೂ, ಮಂದೆಯನ್ನು ಮುಖ್ಯ ಜೀವನೋಪಾಯವಾಗಿ ಹೊರಗೆ ಮೇಯಿಸುವ..."

"ಲೇ! ಹೊಯ್! ಹೊಯ್!" ಅಂಜನಪ್ಪ ಎದ್ದು ಓಡಿದ. ಓದು ಕೇಳುತ್ತಾ ಮೈಮರೆತ ಸಮಯ ನೋಡಿ ಹತ್ತಾರು ಕುರಿ ಯಾರದೋ ಮೆಕ್ಕೆಜೋಳಕ್ಕೆ ನುಗ್ಗಿದ್ದವು. "ಬಾರಪ್ಪಾ, ಆ ಕಡೆಯಿಂದ ಅಡ್ಡ ಆಕು! ದಂಡ ನಂದೇ ಅಂತ ನೀನೇ ಬರ್ದಿದೀಯಾ!"

ವಾಸಿಫ್ ಪ್ರಸ್ತಾವವನ್ನು ಸುರುಳಿ ಸುತ್ತಿ ಬೀಸುತ್ತಾ ಇನ್ನೊಂದು ಬದಿಯಿಂದ ಓಡಿದ. ಕುರಿಗಳು ಅವನನ್ನು ತಿರುಗಿಯೂ ನೋಡಲಿಲ್ಲ.