ಕತ್ತರಿ ಮೇಜಿನ ಹದಿನೇಳು ಹಾಳೆ

ಡ್ರಾಯಿಂಗ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕುಳಿತು ಕಂಡವರ ತಪ್ಪಿಗೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿದ ಹೆಂಗಸಿಗೆ ಕಾರ್ಖಾನೆಯವರು ಕೆಂಪಕ್ಕ ಎಂದು ಹೆಸರಿಡದೆ ಇನ್ನೇನು ಮಾಡಿಯಾರು? ಓದಿದ್ದು ಡಿಪ್ಲೊಮಾ. ಆದರೆ ಅವಳ ಸಹಿ ಬೀಳದೆ ಒಂದು ಬೋಲ್ಟೂ ಆ ಗೇಟು ದಾಟುತ್ತಿರಲಿಲ್ಲ. ಅದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು, ಉಳಿದವರಿಗೂ ಆಗಾಗ ಗೊತ್ತು ಮಾಡಿಸುತ್ತಿದ್ದಳು.

ಎಂಟು ತಿಂಗಳ ಹಿಂದೆ ಮಾಲೀಕರ ಅಳಿಯ ಬಂದು ಮೇಲಿನ ಕುರ್ಚಿಯಲ್ಲಿ ಕುಳಿತ. ಅವನ ಹೆಸರಿನ ಮುಂದೆ ಎರಡು ಡಿಗ್ರಿ, ಮೇಜಿನ ಮೇಲೆ ಮೂರು ಬಣ್ಣದ ಫೈಲು. ಒಂದು ಬಾಗಿಲ ಚಿಲಕಕ್ಕೂ ನಾಲ್ಕು ಹಾಳೆ ಲೆಕ್ಕ ಬರೆಯುವ ಆಸಾಮಿ. ಬರೆದದ್ದನ್ನು ಮಾವನ ಎದುರು ಹಿಡಿದು, ಉಗುರಿನಿಂದ ಹಾಳೆ ತಟ್ಟಿ, "ನೋಡಿ ಮಾವ, ಎಲ್ಲಾ ಪ್ರೂಫ್ ಇದೆ" ಎನ್ನುತ್ತಿದ್ದ. ಮಾವನಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗದೆ ಸಂತೋಷವಾಗುತ್ತಿತ್ತು. ಕೆಂಪಕ್ಕ ಗೋಡೆಯ ಕಡೆ ತಿರುಗಿ ಮೂಗು ಮುರಿಯುತ್ತಿದ್ದಳು.

ಸೋಮವಾರ ಬೆಳಿಗ್ಗೆ ಹೊಸ ಕತ್ತರಿ ಮೇಜಿನ ಲೆಕ್ಕ ತಪಾಸಣೆಗೆ ಬಂತು. ಹದಿನೇಳು ಹಾಳೆ.

ಕತ್ತರಿ ಮೇಜು ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಕಬ್ಬಿಣದ ತೋಳುಗಳನ್ನು ಅಡ್ಡಡ್ಡ ಇಟ್ಟು ಪಿನ್ನು ಹೊಡೆದ ಎರಡು ಕತ್ತರಿ ಒಂದರ ಮೇಲೊಂದು, ಮೇಲೊಂದು ಹಲಗೆ, ಹಲಗೆಯ ಮೇಲೆ ಹೊರೆ. ತಳದ ಒಂದು ಕಾಲು ಚೌಕಟ್ಟಿಗೆ ಕಟ್ಟಿದೆ, ಇನ್ನೊಂದು ಗಾಲಿಯ ಮೇಲಿದೆ. ಸ್ಕ್ರೂ ತಿರುಗಿದರೆ ನಟ್ಟು ಆ ಗಾಲಿಕಾಲನ್ನು ಒಳಕ್ಕೆ ಎಳೆಯುತ್ತದೆ, ಕತ್ತರಿಗಳು ಎದ್ದು ನಿಲ್ಲುತ್ತವೆ, ಹಲಗೆ ಏರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಆ ನಟ್ಟು ಎಷ್ಟು ಬಲದಿಂದ ಎಳೆಯಬೇಕು?

ಅಳಿಯ ಮಹಾರಾಯ ಮೇಜನ್ನು ತೋಳು ತೋಳಾಗಿ ಬಿಚ್ಚಿ, ಪ್ರತಿ ಪಿನ್ನಿಗೂ ಅಡ್ಡ ಬಲ, ಉದ್ದ ಬಲ ಎಂದು ಅಕ್ಷರ ಕೊಟ್ಟು, ಸಮೀಕರಣಗಳ ಸಂತೆಯನ್ನೇ ನೆರೆಸಿದ್ದ. ಕೊನೆಗೆ ಬಂದ ಉತ್ತರ ಎರಡು ಮುಕ್ಕಾಲು ಟನ್ನಿಗೆ ತುಸು ಮೇಲೆ. ಆದ್ದರಿಂದ ಮೂರೂವರೆ ಟನ್ ತಡೆಯುವ ನಟ್ಟು ಸಾಕು ಎಂದು ಕೆಳಗೆ ಎರಡು ಗೆರೆ ಎಳೆದಿದ್ದ.

ಕೆಂಪಕ್ಕ ಹದಿನೇಳನ್ನೂ ಪಕ್ಕಕ್ಕಿಟ್ಟು ಒಂದು ಲಕೋಟೆಯ ಹಿಂಬದಿ ತೆಗೆದುಕೊಂಡಳು. ಮೇಜು ಅತಿ ತಗ್ಗಿನಲ್ಲಿದೆ, ತೋಳುಗಳು ಹತ್ತು ಡಿಗ್ರಿ ಓರೆ. ಈಗ ನಟ್ಟು ಕೂದಲೆಳೆಯಷ್ಟು ಸರಿಯಿತು ಅಂದುಕೊಳ್ಳೋಣ. ಹಲಗೆ ಎಷ್ಟು ಏರಬೇಕು? ತೋಳಿನ ಉದ್ದ ಗೊತ್ತು, ಓರೆ ಗೊತ್ತು, ಕತ್ತರಿ ಎರಡು. ನಟ್ಟು ಸರಿದದ್ದರ ಹನ್ನೊಂದು ಚಿಲ್ಲರೆ ಪಟ್ಟು. ನಟ್ಟಿನ ಬಲವನ್ನು ಅದು ಸರಿದ ದೂರದಿಂದ ಗುಣಿಸಿದರೂ, ಹೊರೆಯ ತೂಕವನ್ನು ಅದು ಏರಿದ ಎತ್ತರದಿಂದ ಗುಣಿಸಿದರೂ ಬರುವುದು ಒಂದೇ. ನಾನೂರು ಕಿಲೋ ಹೊರೆ, ನೂರು ಕಿಲೋ ಹಲಗೆ, ಒಟ್ಟು ಐನೂರು. ಅಂದರೆ ಐದೂವರೆ ಟನ್ನಿಗೂ ಮೇಲೆ. ತೋಳುಗಳ ಸ್ವಂತ ತೂಕ, ಉಜ್ಜಾಟ ಸೇರಿಸಿದರೆ ಇನ್ನೂ ಏರುತ್ತದೆ.

ಪಿನ್ನುಗಳ ಗೊಡವೆಯೇ ಬೇಡ. ಪಿನ್ನು ಒಂದು ತೋಳನ್ನು ಆ ಕಡೆ ಎಷ್ಟು ತಳ್ಳುತ್ತದೋ ಇನ್ನೊಂದನ್ನು ಈ ಕಡೆ ಅಷ್ಟೇ ತಳ್ಳುತ್ತದೆ. ಆ ಜಾಗದಲ್ಲಿ ಎರಡೂ ತೋಳು ಒಟ್ಟಿಗೇ ಚಲಿಸುವುದರಿಂದ ಒಂದರ ಕೆಲಸ ಇನ್ನೊಂದರ ಕೆಲಸವನ್ನು ಹೊಡೆದುಹಾಕುತ್ತದೆ. ಓದಿದವರು ಇದಕ್ಕೆ ವರ್ಚುಯಲ್ ವರ್ಕ್ ಎನ್ನುತ್ತಾರೆ. ಅಳಿಯನೂ ಓದಿರಲೇಬೇಕು, ಪರೀಕ್ಷೆ ಮುಗಿದ ದಿನವೇ ಕೈ ತೊಳೆದುಕೊಂಡಿರಬೇಕು.

ಅವನ ಉತ್ತರ ಸರಿಯಾಗಿ ಅರ್ಧ. ಎಡವಿದ್ದು ಎಲ್ಲಿ ಎಂದು ಹುಡುಕಿದರೆ ಒಂಬತ್ತನೇ ಹಾಳೆಯಲ್ಲಿ ಸಿಕ್ಕಿತು. ಮೇಲಿನ ಕತ್ತರಿಯ ಕಾಲುಗಳು ಕೆಳಗಿನ ಕತ್ತರಿಯ ತುದಿಗಳನ್ನು ಬರೀ ಕೆಳಕ್ಕೆ ಒತ್ತುವುದಿಲ್ಲ, ಹೊರಕ್ಕೂ ಅಗಲಿಸುತ್ತವೆ. ಅಳಿಯ ಕೆಳಕ್ಕೆ ಒತ್ತುವುದನ್ನು ಹಿಡಿದುಕೊಂಡು ಹೊರಕ್ಕೆ ಅಗಲಿಸುವುದನ್ನು ಬಿಟ್ಟಿದ್ದ. ಎರಡು ಡಿಗ್ರಿಯವನು.

ಕೆಂಪು ಪೆನ್ನು ಕೈಗೆ ಬಂದಿತ್ತು. ತಪ್ಪು ಸಿಕ್ಕ ದಿನವೇ ಸುತ್ತು ಹಾಕಿ ವಾಪಸು ಕಳಿಸಬೇಕೆಂಬುದು ಅವಳೇ ಮಾಡಿದ ಕಟ್ಟುಪಾಡು. ಆದರೆ ಕಳಿಸಿದರೆ ಏನಾಗುತ್ತದೆ? ಇವನು ಬಾಗಿಲು ಹಾಕಿಕೊಂಡು ತಿದ್ದಿ, ಮಾವನ ಎದುರು ಮತ್ತೆ ಹಾಳೆ ತಟ್ಟುತ್ತಾನೆ. ಶುಕ್ರವಾರ ಹೊರೆ ಪರೀಕ್ಷೆ. ಮಾಲೀಕರು ಬರುತ್ತಾರೆ, ಮೇಜು ಕೊಳ್ಳುವವರೂ ಬರುತ್ತಾರೆ. ಹೊರೆ ಏರುವ ಮುಂಚೆ, ಎಲ್ಲರ ಎದುರು ಇವನ ಜಂಭ ಇಳಿಸಬೇಕು. ಸಹಿಗೂ ಕಾಯದೆ ಇವನು ಮೇಜು ಕಟ್ಟಿಸಿಬಿಟ್ಟಿದ್ದ, ಅನುಭವಿಸಲಿ. ಹೊರೆ ಹೊತ್ತ ಮೇಜಿನೊಳಗೆ ಕೈ ಹಾಕಿ ಪಿನ್ನು ನೋಡುವ ಫಿಟ್ಟರು ಅವಳ ಸ್ವಂತ ಮೈದುನ. ಅವನ ಕೈ ಒಳಗೆ ಹೋಗುವ ಮುಂಚೆ ನಿಲ್ಲಿಸಿದರಾಯಿತು. ಹಾಳೆಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ನಾಲ್ಕು ದಿನ ಅವಳಷ್ಟು ಸುಖವಾಗಿ ಆ ಕಾರ್ಖಾನೆಯಲ್ಲಿ ಯಾರೂ ಚಹಾ ಕುಡಿದಿರಲಾರರು.

ಶುಕ್ರವಾರ ಹನ್ನೊಂದಕ್ಕೆ ಎಲ್ಲರೂ ಮೇಜಿನ ಸುತ್ತ ನಿಂತರು. ಮೈದುನ ತೂಕದ ಕಲ್ಲುಗಳನ್ನು ಕ್ರೇನಿಗೆ ಸಿಕ್ಕಿಸುತ್ತಿದ್ದ.

"ಒಂದ್ನಿಮಿಷ ಇರಪ್ಪ," ಎಂದಳು ಕೆಂಪಕ್ಕ. "ಈ ನಟ್ಟು ತಡೆಯಲ್ಲ."

ಅಳಿಯ ನಕ್ಕ. "ಅಕ್ಕ, ಹದಿನೇಳು ಪೇಜ್ ಕೊಟ್ಟಿದ್ದೀನಲ್ಲ. ನಿಮ್ಮ ಪಿನ್ ರಿಯಾಕ್ಷನ್ ತೋರಿಸಿ, ಮಾತಾಡೋಣ."

"ಪಿನ್ನು ಯಾಕೆ ಸರ್? ಮೇಜನ್ನೇ ಕೇಳೋಣ."

ನಟ್ಟಿಗೆ ಅದು ಸರಿದ ದೂರ ತೋರಿಸುವ ಒಂದು ಡಯಲ್ ಗೇಜು ಕಟ್ಟಿಸಿದಳು, ಹಲಗೆಯ ಅಂಚಿಗೆ ಎತ್ತರ ಅಳೆಯುವ ಪಟ್ಟಿ ನಿಲ್ಲಿಸಿದಳು. ಮೇಜು ಪೂರ್ತಿ ತಗ್ಗಿನಲ್ಲಿತ್ತು. ಸ್ಕ್ರೂ ನಿಧಾನ ತಿರುಗಿಸಲು ಮೈದುನನಿಗೆ ಹೇಳಿ, ಓದುವ ಕೆಲಸವನ್ನು ಬೇಕೆಂದೇ ಮಾಲೀಕರಿಗೆ ಕೊಟ್ಟಳು.

"ನಟ್ಟು ಒಂದು ಮಿಲಿಮೀಟರ್ ಸರೀತು," ಎಂದರು ಮಾಲೀಕರು ಬಗ್ಗಿ ನೋಡಿ. "ಹಲಗೆ... ಹನ್ನೊಂದರ ಮೇಲೆ ಚೂರು."

"ಇವರ ಲೆಕ್ಕದ ಪ್ರಕಾರ ಐದೂವರೆ ಚಿಲ್ಲರೆ ಏರಬೇಕಿತ್ತು. ಹೊರೆ ಹನ್ನೊಂದು ಪಾಲು ಏರಿದ್ರೆ ನಟ್ಟಿನ ಮೇಲೆ ಹನ್ನೊಂದು ಪಟ್ಟು ಭಾರ ಸರ್. ಪುಕ್ಕಟೆ ಯಾರೂ ಎತ್ತಿ ಕೊಡಲ್ಲ. ಒಂಬತ್ತನೇ ಹಾಳೇಲಿ ಅಗಲಿಸೋ ಬಲ ಮರೆತಿದ್ದಾರೆ."

ಅಳಿಯ ತನ್ನ ಫೈಲಿನಲ್ಲಿದ್ದ ಪ್ರತಿಯಲ್ಲಿ ಒಂಬತ್ತನೇ ಹಾಳೆ ತೆರೆದ. ಅವನ ಕಿವಿ ಕೆಂಪಾಯಿತು. ಕೊಳ್ಳುವವರಲ್ಲಿ ಒಬ್ಬರು ಕೆಮ್ಮಿದರು. ಕೆಂಪಕ್ಕನಿಗೆ ಹೊಟ್ಟೆಯೊಳಗೆ ಹಾಲು ಹುಯ್ದಂತಾಯಿತು. ಇಷ್ಟು ಹಗುರ ಮನುಷ್ಯನಿಗೆ ಇಷ್ಟು ದಪ್ಪ ಫೈಲು ಬೇರೆ ಕೇಡು ಅಂದುಕೊಂಡಳು.

ಮಾಲೀಕರು ಮಾತ್ರ ನಗಲಿಲ್ಲ. "ಈ ಹಾಳೆ ನಿಮ್ಮ ಕೈಗೆ ಯಾವತ್ತು ಬಂತು?"

"ಸೋಮವಾರ."

"ತಪ್ಪು ಸಿಕ್ಕಿದ್ದು?"

ಕೆಂಪಕ್ಕ ಅಳಿಯನ ಮುಖವನ್ನೇ ನೋಡುತ್ತಿದ್ದಳು. ನಾಲಿಗೆ ಅದರ ಸುಖದಲ್ಲೇ ಓಡಿಬಿಟ್ಟಿತು. "ಸೋಮವಾರವೇ ಸರ್. ಇಂಥದ್ದಕ್ಕೆಲ್ಲ ನನಗೆ ಹತ್ತು ನಿಮಿಷ ಸಾಕು."

ಸ್ಕ್ರೂವಿನ ಹಿಡಿ ಬಿಟ್ಟು ಮೈದುನ ನಿಧಾನಕ್ಕೆ ಎದ್ದು ನಿಂತ.

"ನಿನ್ನೆ ಇನ್ನೂರು ಕಿಲೋ ಹೇರಿದ್ವಿ," ಎಂದ. "ಅರ್ಧ ಹೊರೆಗೆ ಒಮ್ಮೆ ನೋಡ್ಬಿಡು ಅಂತ ಚಿಕ್ಕ ಸರ್ ಹೇಳಿದ್ರು. ಗ್ರೀಸ್ ಹಚ್ಚೋಕೆ ಭುಜದವರೆಗೆ ಕೈ ಒಳಗೆ ಹಾಕಿದ್ದೆ. ಮೇಜು ಪೂರ್ತಿ ತಗ್ಗಿನಲ್ಲೇ ಇತ್ತು."

ಕೆಂಪಕ್ಕನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು, ಬೇಡವೆಂದರೂ ಹಾಕಿತು. ಇನ್ನೂರು ಕಿಲೋ ಹೊರೆ, ನೂರು ಕಿಲೋ ಹಲಗೆ, ಹನ್ನೊಂದು ಚಿಲ್ಲರೆ ಪಟ್ಟು. ಮೂರು ಟನ್ನು ನಾನೂರು. ತೋಳುಗಳ ತೂಕ ಅದರ ಮೇಲೆ. ನಟ್ಟು ತಡೆಯುವುದು ಮೂರೂವರೆ. ಆ ಹೊತ್ತಿಗೆ ಅವಳು ಮೇಲೆ ಕುಳಿತು ಚಹಾ ಕುಡಿಯುತ್ತ ಶುಕ್ರವಾರದ ಮಾತುಗಳನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತಿದ್ದಳು.

"ನನಗೆ ಗೊತ್ತಿರಲಿಲ್ಲ ಕಣೋ," ಎಂದಳು. "ಇವತ್ತೇ ಹೇರೋದು ಅಂದುಕೊಂಡಿದ್ದೆ."

ಅವಳ ಗಂಡನ ಈ ತಮ್ಮ ಹತ್ತೊಂಬತ್ತು ವರ್ಷದಿಂದ ಅವಳ ಮನೆಯಲ್ಲೇ ಉಂಡವನು, ಅತ್ತಿಗೆ ಎನ್ನದೆ ನೀರನ್ನೂ ಕೇಳಿದವನಲ್ಲ. ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ, ಬೆರಳು ಬೆರಳಿಗೂ ಬಿಡದೆ ಒರೆಸಿಕೊಂಡ.

"ಗೇಜು ಬಿಚ್ಚಲಾ ಮೇಡಂ, ಇನ್ನೂ ಯಾರಿಗಾದ್ರೂ ತೋರಿಸೋದಿದೆಯಾ?" ಎಂದು ಕೇಳಿದ.