ಎಡಕ್ಕೆ ಮೊದಲನೇ ಬಿದಿರಿನ ಕಂಬ

ನಾನು ಬರೆದ ಆ ಮೆಸೇಜು ಈಗಲೂ ನನ್ನ ಫೋನಿನಲ್ಲಿದೆ. ಅಳಿಸಿಲ್ಲ, ಅಳಿಸುವುದೂ ಇಲ್ಲ. ಅದರ ಕೆಳಗೆ ನನ್ನ ಗಂಡ ಒತ್ತಿ ಕಳಿಸಿದ ಒಂದು ಹಳದಿ ಹೆಬ್ಬೆರಳಿದೆ. ಅದನ್ನು ಕಂಡಾಗಲೆಲ್ಲ ಇವತ್ತಿಗೂ ನನಗೆ ಪಿತ್ತ ನೆತ್ತಿಗೇರುತ್ತದೆ.

ನಾನು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಗಂಡ ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ; ಆಳುಗಳನ್ನು ಕರೆದುಕೊಂಡು ಹೋಗಿ ಕೆಲಸ ಮಾಡಿಸುವುದು ಅವರ ಕೆಲಸ. ನಾನು ಹೊರಟಾಗ ಮಗಳಿಗೆ ಎರಡೂವರೆ ವರ್ಷ. ಮೊದಲ ರಜೆ ಸಿಕ್ಕಿ ಊರಿಗೆ ಬರುವ ಹೊತ್ತಿಗೆ ಅವಳು ಹತ್ತಿರ ಹತ್ತಿರ ಐದಕ್ಕೆ ಬಂದಿದ್ದಳು. ಅಷ್ಟೂ ದಿನ ನಾನು ಅವಳಿಗೆ ಅಂಗೈಯಗಲದ ಗಾಜಿನೊಳಗಿನ ಒಂದು ಮುಖ. ಅದೂ ನೆಟ್‌ವರ್ಕ್ ಇದ್ದರೆ. ಎಸ್ಟೇಟಿನವರು ಸಾಲಾಗಿ ಕಟ್ಟಿಸಿದ ಅವರ ಲೈನ್ ಮನೆಯಲ್ಲಿ ಸಿಗ್ನಲ್ ಇಲ್ಲ. ಮೇಲೆ ಕಾಫಿ ಒಣಗಿಸುವ ಕಣದ ತನಕ ಹತ್ತಿ ಹೋಗಬೇಕು. ಮಾತು ನಡುವೆ ನಡುವೆ ನಿಂತು ನನ್ನ ಬಾಯಿ ಅರ್ಧ ತೆರೆದುಕೊಂಡೇ ಇರುತ್ತಿತ್ತು. ಮಗಳು ಅದನ್ನು ನೋಡಿ ನಗುತ್ತಿದ್ದಳು.

ಹಾಗಾಗಿ ನನಗೆ ಇದ್ದದ್ದು ಒಂದೇ ಆಸೆ. ಗಾಜಿನಿಂದ ಹೊರಗೆ ಬಂದ ಅಮ್ಮನನ್ನು ಅವಳು ಮೊದಲ ಸಲ ನೋಡುವಾಗ ನಿದ್ದೆ ಮಾಡಿ, ಹೊಟ್ಟೆ ತುಂಬಿ, ಖುಷಿಯಲ್ಲಿರಬೇಕು. ಅವಳು ನನ್ನ ಹತ್ತಿರ ತಾನಾಗಿಯೇ ಓಡಿ ಬರಬೇಕು. ಅದಕ್ಕೋಸ್ಕರವೇ ಆ ಮೆಸೇಜು ಬರೆದೆ. ಡ್ಯೂಟಿ ಮುಗಿಸಿ ಬಂದು ಎರಡು ದಿನ ಕೂತು, ತಿದ್ದಿ ತಿದ್ದಿ ಬರೆದೆ.

ಅದು ಹೀಗಿದೆ:

“ವಿಮಾನ ಬೆಳಗ್ಗೆ ಹತ್ತು ನಲವತ್ತಕ್ಕೆ ಬೆಂಗಳೂರಲ್ಲಿ ಇಳಿಯುತ್ತೆ. ಇಳಿದ ಕೂಡಲೇ ನಾನು ಹೊರಗೆ ಬರಲ್ಲ. ಪಾಸ್‌ಪೋರ್ಟ್ ನೋಡೋ ಸಾಲು, ಆಮೇಲೆ ಬೆಲ್ಟಲ್ಲಿ ಪೆಟ್ಟಿಗೆ ಬರಬೇಕು, ಕಸ್ಟಮ್ಸ್ ದಾಟಬೇಕು. ಒಂದು ಗಂಟೆ, ಒಂದೂಕಾಲು ಗಂಟೆ ಆಗುತ್ತೆ. ಅದಕ್ಕೆ ನೀವು ಬೆಳಗ್ಗೆ ಐದಕ್ಕೆ ಹೊರಟರೆ ಸಾಕು. ಟರ್ಮಿನಲ್ ಎರಡು. ನೀವು ನನ್ನ ಬಿಟ್ಟ ಕಟ್ಟಡ ಅಲ್ಲ, ಹೊಸದು. ಈಗ ಹೊರದೇಶದ ವಿಮಾನ ಎಲ್ಲ ಅಲ್ಲಿಗೇ ಬರೋದು. ಬಾಗಿಲ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯೋಕೆ ಬಿಡಲ್ಲ, ಪಾರ್ಕಿಂಗಲ್ಲಿ ಹಾಕಿ. ಇಳಿದ ಮೇಲೆ ನನ್ನ ಫೋನು ಕೆಲಸ ಮಾಡಲ್ಲ. ಹೊರಗೆ ಬರೋ ಬಾಗಿಲು ದಾಟಿ ಎಡಕ್ಕೆ ಮೊದಲನೇ ಬಿದಿರಿನ ಕಂಬದ ಹತ್ತಿರ ನಿಂತಿರ್ತೀನಿ. ಅಲ್ಲಿಂದ ಕದಲಲ್ಲ. ವಿಮಾನ ಇಳೀತು ಅಂತ ಪುಟ್ಟಿಗೆ ಹೇಳಬೇಡಿ. ಪೆಟ್ಟಿಗೆಗೆ ಕಾಯೋದೆಲ್ಲ ಅವಳಿಗೆ ತಿಳಿಯಲ್ಲ. ಅಮ್ಮ ಬರಲೇ ಇಲ್ಲ ಅಂದುಕೊಳ್ತಾಳೆ. ಅವಳಿಗೆ ತಿಂಡಿ ತಿನ್ನಿಸಿ, ಹನ್ನೆರಡು ಗಂಟೆಗೆ ಕರ್ಕೊಂಡು ಬನ್ನಿ.”

ಹೇಳಿ, ಇದರಲ್ಲಿ ಏನು ತಿಳಿಯುವುದಿಲ್ಲ? ಬಿದಿರಿನ ಕಂಬದ ವಿಷಯವನ್ನು ಎರಡು ತಿಂಗಳ ಹಿಂದೆ ಊರಿಗೆ ಹೋಗಿ ಬಂದಿದ್ದ ಗೆಳತಿಯೊಬ್ಬಳಿಂದ ಕೇಳಿ ತಿಳಿದುಕೊಂಡಿದ್ದೆ. ಆ ಹೊಸ ಕಟ್ಟಡದಲ್ಲಿ ಕಂಬಗಳಿಗೆಲ್ಲ ಬಿದಿರು ಹೊದಿಸಿದ್ದಾರೆ ಎಂದು ಅವಳು ಹೇಳಿದಾಗ ನನಗೆ ಸಮಾಧಾನವಾಗಿತ್ತು. ಇಂಗ್ಲಿಷ್ ಬೋರ್ಡು ಹುಡುಕುವುದು ಬೇಡ, ಬಿದಿರು ಯಾವುದೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಉತ್ತರವಾಗಿ ಹೆಬ್ಬೆರಳು ಬಂತು. ಮರುದಿನ ಫೋನಿನಲ್ಲಿ, ಪೂರ್ತಿ ಓದಿದಿರಾ ಎಂದು ಕೇಳಿದೆ. ಎಲ್ಲ ನೋಡಿದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದರು.

ನೋಡಿದ್ದರು. ಓದಿರಲಿಲ್ಲ.

ಇದು ಅವರೊಬ್ಬರ ರೋಗವಲ್ಲ. ಎಸ್ಟೇಟಿನಲ್ಲಿ ಬೆಳಗ್ಗೆ ಹಾಜರಿಯ ಹೊತ್ತಿಗೆ ಲೆಕ್ಕ ಬರೆಯುವ ರೈಟರು ಬಂದು ಇವತ್ತು ತೋಟದ ಯಾವ ತುಂಡಿನಲ್ಲಿ ಯಾವ ಕೆಲಸ ಎಂದು ಬಾಯಲ್ಲಿ ಹೇಳುತ್ತಾರೆ. ಮೇಸ್ತ್ರಿ ಅದನ್ನು ಕೇಳಿಸಿಕೊಂಡು ಆಳುಗಳಿಗೆ ಬಾಯಲ್ಲೇ ಹೇಳುತ್ತಾರೆ. ಬರೆದದ್ದು ಏನಿದ್ದರೂ ರೈಟರ ಪುಸ್ತಕದಲ್ಲಿ, ರೈಟರ ತಲೆನೋವು. ಇಪ್ಪತ್ತು ವರ್ಷ ಹೀಗೆ ನಡೆದವರಿಗೆ ಬಾಯಲ್ಲಿ ಹೇಳಿದ್ದೇ ಕೆಲಸ, ಬರೆದದ್ದು ದಾಖಲೆ. ಹೆಂಡತಿ ಬರೆದದ್ದನ್ನೂ ಅವರು ದಾಖಲೆಯ ಲೆಕ್ಕಕ್ಕೇ ಸೇರಿಸಿದರು. ಮೊದಲ ಸಾಲಿನ ಹತ್ತು ನಲವತ್ತು ಮಾತ್ರ ಕಣ್ಣಿಗೆ ಬಿತ್ತು. ಉಳಿದದ್ದಕ್ಕೆ ಹೆಬ್ಬೆರಳು.

ಜಾಗ ಓದಿ ತಿಳಿಯುವ ಅಗತ್ಯ ಅವರಿಗೆ ಕಾಣಲೇ ಇಲ್ಲ. ನಮ್ಮ ಕಡೆ ಬಸ್ಸು ಎಲ್ಲಿ ಹತ್ತಿಸಿಕೊಳ್ಳುತ್ತದೋ ಅಲ್ಲೇ ಇಳಿಸುತ್ತದೆ. ಕೊಟ್ಟಿಗೆಹಾರದ ಹೋಟೆಲಿನ ಮುಂದೆ ಮಂಗಳೂರು ಬಸ್ಸು ಹತ್ತಿದವರನ್ನು ನಾಲ್ಕು ದಿನ ಬಿಟ್ಟು ಅದೇ ಹೋಟೆಲಿನ ಮುಂದೆ ಹೋಗಿ ಕರೆದುಕೊಂಡು ಬರುವುದು. ಹೆಂಡತಿಯನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲೇ ಅವಳು ಸಿಗುತ್ತಾಳೆ. ನನ್ನನ್ನು ಬಿಟ್ಟದ್ದು ಹಳೇ ಟರ್ಮಿನಲ್ಲಿನಲ್ಲಿ. ಆಗ ಹೊರದೇಶದ ವಿಮಾನಗಳೂ ಅಲ್ಲಿಂದಲೇ ಹೋಗುತ್ತಿದ್ದವು.

ವಿಮಾನ ಸರಿಯಾದ ಹೊತ್ತಿಗೇ ಇಳಿಯಿತು. ಪಾಸ್‌ಪೋರ್ಟಿನ ಸಾಲಿನಲ್ಲಿ ಅರ್ಧ ಗಂಟೆ. ಆಮೇಲೆ ಬೆಲ್ಟು. ಒಂದು ಪೆಟ್ಟಿಗೆ ಬೇಗ ಬಂತು, ಇನ್ನೊಂದು ಎಲ್ಲರದ್ದೂ ಮುಗಿದ ಮೇಲೆ. ಅದರಲ್ಲಿ ಮಗಳಿಗೆ ತಂದ ಕೆಂಪು ಶೂ ಇತ್ತು. ನಾನು ಗಾಬರಿಯಾಗಲಿಲ್ಲ. ಈ ಕಾಯುವ ಹೊತ್ತನ್ನು ಲೆಕ್ಕ ಹಾಕಿಯೇ ಬರೆದಿದ್ದೆನಲ್ಲ. ಹನ್ನೊಂದು ಐವತ್ತಕ್ಕೆ ಹೊರಗೆ ಬಂದು ಎಡಕ್ಕೆ ತಿರುಗಿದೆ. ಬಿದಿರು ಹೊದ್ದ ಕಂಬ ಗೆಳತಿ ಹೇಳಿದಲ್ಲೇ ಇತ್ತು. ಯಾರೂ ಇರಲಿಲ್ಲ.

ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ಮಸ್ಕತ್ತಿನ ಸಿಮ್ಮಿಗೆ ಇಲ್ಲಿ ಜೀವವಿಲ್ಲ, ಊರಿನ ಹಳೇ ಸಿಮ್ಮು ರೀಚಾರ್ಜ್ ಇಲ್ಲದೆ ಯಾವಾಗಲೋ ಸತ್ತಿತ್ತು, ಅಲ್ಲಿನ ವೈಫೈ ಹಿಡಿಯಲು ನಂಬರಿಗೆ ಓಟಿಪಿ ಬರಬೇಕು. ನನ್ನ ಜೊತೆ ಬಂದವರೆಲ್ಲ ತಮ್ಮ ತಮ್ಮವರನ್ನು ತಬ್ಬಿಕೊಂಡು ಹೊರಟುಹೋದರು. ನಾನು ಕದಲಲಿಲ್ಲ. ಕದಲುವುದಿಲ್ಲ ಎಂದು ನಾನೇ ಬರೆದಿದ್ದೆ. ಅವರು ಓದಿಕೊಂಡು ಬಂದು ನಾನಿಲ್ಲದಿದ್ದರೆ ಏನು ಗತಿ ಎಂದು ಹೆದರಿ, ನೀರು ಕುಡಿಯಲೂ ಹೋಗದೆ ನಿಂತೆ. ಈಗ ನೆನೆಸಿಕೊಂಡರೆ ಅವರ ಮೇಲಿನ ಸಿಟ್ಟಿಗಿಂತ ನನ್ನ ಆ ನಂಬಿಕೆಯ ಮೇಲೇ ಹೆಚ್ಚು ಸಿಟ್ಟು ಬರುತ್ತದೆ.

ಒಂದು ದಾಟಿದ ಮೇಲೆ ನಾಚಿಕೆ ಬಿಟ್ಟು, ಪಕ್ಕದಲ್ಲಿ ಯಾರಿಗೋ ಕಾಯುತ್ತಿದ್ದ ಹೆಂಗಸೊಬ್ಬರ ಫೋನು ಕೇಳಿ ಗಂಡನಿಗೆ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು.

“ಎಲ್ಲಿದ್ದೀಯ ಮಾರಾಯ್ತಿ? ನಾವು ನಿನ್ನ ಬಿಟ್ಟ ಕಟ್ಟಡದ ಹತ್ರಾನೇ ಇದ್ದೀವಿ, ಎಂಟೂವರೆಯಿಂದ.”

ಎಂಟೂವರೆಯಿಂದ! ಐದಕ್ಕೆ ಹೊರಡಿ ಎಂದರೆ ಬೆಳಗಿನ ಜಾವ ಎರಡಕ್ಕೇ ಮಗುವನ್ನು ಹಾಸಿಗೆಯಿಂದ ಎಬ್ಬಿಸಿ, ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಬಂದಿದ್ದರು. ಮೊದಲು ನನ್ನನ್ನು ಬಿಟ್ಟಿದ್ದ ಮೇಲಿನ ಬಾಗಿಲಿಗೇ ಹೋಗಿದ್ದರಂತೆ. ಇಲ್ಲಿ ಜನ ಒಳಗೆ ಹೋಗುವುದು ಮಾತ್ರ, ಹೊರಗೆ ಬರುವವರು ಕೆಳಗೆ ಎಂದು ಕಾವಲಿನವನು ಹೇಳಿದ ಮೇಲೆ ಕೆಳಗಿಳಿದು ಬಾಗಿಲು ಕಾದು ನಿಂತರು. ಮಸ್ಕತ್ತಿನ ವಿಮಾನ ಇಲ್ಲಿಗೇ ಬರುತ್ತದೆಯೇ ಎಂದು ಒಬ್ಬರನ್ನಾದರೂ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಗೊತ್ತಿದ್ದ ಜಾಗವನ್ನು ಯಾರಾದರೂ ಕೇಳುತ್ತಾರೆಯೇ?

ನೀವು ಅಲ್ಲಿಂದ ಹೊರಡಬೇಡಿ, ನಾನೇ ಬರುತ್ತೇನೆ ಎಂದೆ. ಅವರು ಹೊರಟು ಇನ್ನೆಲ್ಲೋ ಸೇರಿಕೊಂಡರೆ ಸಂಜೆಯವರೆಗೂ ಹುಡುಕಬೇಕಾಗುತ್ತಿತ್ತು. ಎರಡು ಟರ್ಮಿನಲ್ಲುಗಳ ನಡುವೆ ಓಡಾಡುವ ಬಸ್ಸಿಗೆ ಎರಡು ಪೆಟ್ಟಿಗೆ ಎತ್ತಿಹಾಕಿ ಹತ್ತಿದೆ. ಏನೇನು ಬೈಯಬೇಕೋ ಎಲ್ಲ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡೆ.

ದೂರದಿಂದಲೇ ಕಂಡರು. ಅವರ ಜೊತೆ ಬಂದಿದ್ದ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಗಂಡ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಬಾಗಿಲಿಗೇ ಮುಖ ಮಾಡಿ ನಿಂತಿದ್ದರು. ಅವಳಿಗೆ ಕಟ್ಟಿದ ಎರಡು ಜಡೆಯಲ್ಲಿ ಒಂದು ಬಿಚ್ಚಿಹೋಗಿತ್ತು. ಹತ್ತು ನಲವತ್ತಕ್ಕೆ ಸರಿಯಾಗಿ, ಇಳೀತು ಪುಟ್ಟಿ, ಈಗ ಅಮ್ಮ ಬರ್ತಾಳೆ ನೋಡು ಎಂದಿದ್ದರಂತೆ. ಅಲ್ಲಿಂದ ಮೂರು ಗಂಟೆ ಆ ಬಾಗಿಲಲ್ಲಿ ದೆಹಲಿಯಿಂದ, ಪುಣೆಯಿಂದ ಬಂದ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದಿದ್ದರು. ಮಗಳು ಒಬ್ಬೊಬ್ಬರನ್ನೂ ತೋರಿಸಿ ಇವರಾ ಎಂದು ಕೇಳಿದ್ದಳು. ಅದಕ್ಕೆ ಗಂಡ ಪ್ರತಿ ಸಲವೂ ಅಲ್ಲ ಎಂದಿದ್ದರು. ಇದನ್ನೆಲ್ಲ ಅತ್ತೆ ಆಮೇಲೆ ಹೇಳಿದರು.

ನಾನು ಹತ್ತಿರ ಹೋಗಿ ಪೆಟ್ಟಿಗೆ ಬಿಟ್ಟು ಎರಡೂ ಕೈ ಚಾಚಿದೆ. ಗಂಡ ಅವಳನ್ನು ಕೆಳಗಿಳಿಸಿದರು. ಅವಳು ನನ್ನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಅಪ್ಪನ ಕಾಲನ್ನು ಹಿಡಿದುಕೊಂಡು, ದಣಿದ ದನಿಯಲ್ಲಿ ಹೇಳಿದಳು:

“ಇವ್ರೂ ಅಲ್ಲ ಅಪ್ಪ. ಮನೆಗೆ ಹೋಗಣ.”

ಬಸ್ಸಿನಲ್ಲಿ ಜೋಡಿಸಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಕಾರು ಹಾಸನ ದಾಟಿದ ಮೇಲೆ ಗಂಡ, ಹೋಗಲಿ ಬಿಡು, ಅಂತೂ ಸಿಕ್ಕಿದೆಯಲ್ಲ ಎಂದರು. ಅಂತೂ ಸಿಕ್ಕಿದೆಯಂತೆ! ನಾನೇನು ಕಳೆದುಹೋದ ಕೊಡೆಯೇ?

ಮೂವತ್ತು ದಿನದ ರಜೆ. ಮೊದಲ ನಾಲ್ಕು ದಿನ ಮಗಳು ನನ್ನನ್ನು ಅಮ್ಮ ಎನ್ನಲಿಲ್ಲ. ಅಜ್ಜಿಯ ಹತ್ತಿರ ಹೋಗಿ, “ಇವ್ರು ಊಟಕ್ಕೆ ಕರೀತಿದ್ದಾರೆ” ಎನ್ನುತ್ತಿದ್ದಳು. ನೆಂಟರ ಬಗ್ಗೆ ಹೇಳುವ ಹಾಗೆ, ಬಹಳ ಮರ್ಯಾದೆಯಿಂದ. ಕೆಂಪು ಶೂ ಮಂಚದ ಕೆಳಗೇ ಇತ್ತು. ನಾಲ್ಕು ದಿನಕ್ಕೆ ಮಗು ಹೊಂದಿಕೊಳ್ಳುತ್ತದೆ, ಇದೊಂದು ದೊಡ್ಡ ವಿಷಯವೇ ಎಂದು ಎಲ್ಲರೂ ಅಂದರು. ಮೂವತ್ತರಲ್ಲಿ ನಾಲ್ಕು ಹೋದರೆ ಎಷ್ಟು ಉಳಿಯುತ್ತದೆಂದು ಎಣಿಸುತ್ತಿದ್ದವಳು ನಾನು, ಅವರಲ್ಲ.

ಐದನೇ ದಿನ ಬೆಳಗ್ಗೆ ಅವಳು ತಾನಾಗಿಯೇ ಬಂದು ನನ್ನ ಮುಂದೆ ನಿಂತಳು.

“ನೀವು ಯಾಕೆ ಆ ಬಾಗಿಲಿಂದ ಬರ್ಲಿಲ್ಲ?”

ಗಂಡ ಅಲ್ಲೇ ಚಾವಡಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ನಾನು ಫೋನು ತೆಗೆದು, ಆ ಮೆಸೇಜು ಹುಡುಕಿ, ಅವರ ಕೈಗೆ ಕೊಟ್ಟೆ. ಅವಳಿಗೆ ಓದಿ ಹೇಳಿ, ಜೋರಾಗಿ ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ ಲೋಟ ಕೆಳಗಿಟ್ಟರು. ಹತ್ತು ನಲವತ್ತನ್ನು ಓದಿದರು. ಪಾಸ್‌ಪೋರ್ಟು, ಪೆಟ್ಟಿಗೆ, ಟರ್ಮಿನಲ್ ಎರಡು, ಪಾರ್ಕಿಂಗು, ಬಿದಿರಿನ ಕಂಬ, ಒಂದೊಂದನ್ನೂ ಓದಿದರು. ಅಲ್ಲಿಂದ ಕದಲಲ್ಲ ಎನ್ನುವಾಗ ದನಿ ತಗ್ಗಿತು. ವಿಮಾನ ಇಳೀತು ಅಂತ ಪುಟ್ಟಿಗೆ ಹೇಳಬೇಡಿ ಎಂಬಲ್ಲಿಗೆ ಬಂದು ನಿಂತೇಬಿಟ್ಟರು.

ಮಗಳು ಅವರ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು.

“ಮುಂದೆ ಓದಿ,” ಎಂದೆ.